ಹೆಸರಿಲ್ಲದ ಕಕ್ಷಿದಾರ

ಹನ್ನೊಂದು ವರ್ಷದ ವಕೀಲಿಕೆಯನ್ನು ನಾಲ್ಕು ಪುಟಕ್ಕೆ ಇಳಿಸುವುದು ಎಷ್ಟರ ಮಾತು ಎಂದುಕೊಂಡಿದ್ದೆ. ನನಗೆ ನನ್ನ ಬಗ್ಗೆ ಯಾವತ್ತೂ ಒಂದು ಹಿಡಿ ಜಾಸ್ತಿಯೇ ಭರವಸೆ. ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಬಡ ಆರೋಪಿಗಳ ಪರ ವಾದಿಸಲು ಡೆಪ್ಯುಟಿ ಡಿಫೆನ್ಸ್ ಕೌನ್ಸೆಲ್ ಹುದ್ದೆಗೆ ಅರ್ಜಿ ಕರೆದಿದ್ದರು. ಏಳು ವರ್ಷ ಕ್ರಿಮಿನಲ್ ಕೆಲಸ ಮಾಡಿರಬೇಕು, ಸೆಷನ್ಸ್ ಕೋರ್ಟಿನಲ್ಲಿ ಇಪ್ಪತ್ತು ವಿಚಾರಣೆ ನಡೆಸಿರಬೇಕು. ನನ್ನವು ಇಪ್ಪತ್ತಾರು ಆಗಿದ್ದವು. ಜಮಖಂಡಿ ಕೋರ್ಟಿನ ಕಟ್ಟೆಯ ಮೇಲೆ ಕೂತು, ಈ ಹುದ್ದೆ ನನ್ನದೇ ಎಂದು ಎದುರಿಗೆ ಬಂದವರಿಗೆಲ್ಲ ಹೇಳಿಯೂ ಆಗಿತ್ತು.

ಬಯೋಡೇಟಾದ ಪಟ್ಟಿ ಸಲೀಸಾಗಿ ಮುಗಿಯಿತು. ಪ್ರಕರಣದ ಸಂಖ್ಯೆ, ಕೋರ್ಟು, ಕಲಂ, ನಾನು ಯಾರ ಪರ, ಫಲಿತಾಂಶ. ಇವೆಲ್ಲ ತೆರೆದ ಕೋರ್ಟಿನಲ್ಲಿ ನಡೆದದ್ದು, ದಾಖಲೆಯಲ್ಲೇ ಇರುವುದು. ಪೋಕ್ಸೋ ಪ್ರಕರಣಗಳಲ್ಲಿ ಮಾತ್ರ ಮಗುವಿನ ಊರು, ಸಂಬಂಧ ಯಾವುದೂ ಸುಳಿಯದಂತೆ ನೋಡಿಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಂದರ್ಶನದಲ್ಲಿ ಕೂತವರು ಬೆರಗಾಗಬೇಕು ಎಂಬ ಚಪಲ ನನಗೆ. ಕೊನೆಗೆ ಒಂದು ಪುಟ ಸೇರಿಸಿದೆ: ನಾನು ನಡೆಸಿದ ಒಂದು ಕೊಲೆ ಪ್ರಕರಣ, ಅದರಲ್ಲಿ ನಾನು ಹೇಗೆ ಯೋಚಿಸಿದೆ ಎಂಬುದರ ವಿವರ.

ಅದು ಮುಧೋಳ ತಾಲೂಕಿನ ಒಂದು ಬಾವಿಯ ಪ್ರಕರಣ. ಸತ್ತವಳು ಸೊಸೆ, ಆರೋಪಿ ಮೈದುನ. ಅವನು ನನ್ನ ಚೇಂಬರಿನಲ್ಲಿ ಬಾಗಿಲು ಹಾಕಿಸಿ ಹೇಳಿದ ಒಂದು ಮಾತಿತ್ತು. ಆ ಮಾತು ಇಲ್ಲದಿದ್ದರೆ ನನ್ನ ಪಾಟೀ ಸವಾಲಿನ ಜಾಣತನ ಕಾಣುತ್ತಿರಲಿಲ್ಲ, ಇದ್ದರೆ ಅವನ ಗುಟ್ಟು ಹೊರಬೀಳುತ್ತಿತ್ತು. ಅದಕ್ಕೆ ನಾನು ಎಲ್ಲ ಬದಲಿಸಿದೆ. ಸೊಸೆಯನ್ನು ಮನೆಯ ಮಗನನ್ನಾಗಿ ಮಾಡಿದೆ. ಬಾವಿಯನ್ನು ಅಳಿಸಿ ಕೃಷ್ಣಾ ನದಿ ಬರೆದೆ. ಮುಧೋಳವನ್ನು ಬೀಳಗಿ ಮಾಡಿದೆ. ಬೀರೇಶ್ವರನ ಒಕ್ಕಲಿನ ಕುರಿಗಾರರ ಮನೆತನ ಎಂದೆ. ಹೆಣವನ್ನು ಕಂಬಳಿಯಲ್ಲಿ ಸುತ್ತಿ, ನಾಲ್ಕೂ ತುದಿಗೆ ಹೊಳೆಗಲ್ಲು ಕಟ್ಟಿ ಬಿಟ್ಟಿದ್ದರು, ದಂಡೆಯ ಮೇಲೆ ಬಲಗಾಲಿನ ಚಪ್ಪಲಿ ಒಂದೇ ಉಳಿದಿತ್ತು ಎಂದೆ. ಬರೆಯುವಾಗ ಕೈ ತಾನಾಗಿಯೇ ಓಡುತ್ತಿತ್ತು. ಮನೆಯ ನಾಯಿ ಮೂರು ದಿನ ಅದೇ ಜಾಗದಲ್ಲಿ ನೀರು ನೋಡುತ್ತ ಕೂತಿತ್ತು ಎಂದೂ ಬರೆದು, ಇದು ತೀರಾ ಕಥೆಯಾಯಿತೆಂದು ಆ ಸಾಲನ್ನು ಹೊಡೆದುಹಾಕಿ, ಹಾಳೆಯನ್ನು ಹೊಸದಾಗಿ ಬರೆದು ಹಳೆಯದನ್ನು ಮನೆಯಲ್ಲೇ ಹರಿದೆ.

ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯ ಕಾಮಣ್ಣ ನಮ್ಮ ಊರಿನ ಅರ್ಧ ವಕೀಲರ ಕಾಗದಗಳನ್ನು ಟೈಪ್ ಮಾಡುವವನು. ಬೀಳಗಿ ತಾಲೂಕಿನ ಅನಗವಾಡಿ ಕಡೆಯ ಕುರಿಗಾರರ ಮನೆಯ ಹುಡುಗ, ಮೂವತ್ತರ ಆಸುಪಾಸು, ಟೈಪ್ ಮಾಡುವಾಗ ಮಾತೇ ಆಡದವನು. ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನ ಪಕ್ಕ ಕೂತು ಪರದೆ ನೋಡುತ್ತಿದ್ದೆ. ಪಟ್ಟಿ ಮುಗಿಯಿತು, ಕೊನೆಯ ಪುಟ ಶುರುವಾಯಿತು. ಕಂಬಳಿಯ ಸಾಲಿಗೆ ಬಂದಾಗ ಅವನ ಬೆರಳು ನಿಂತವು. ಆ ಸಾಲನ್ನು ಮೊದಲಿನಿಂದ ಮತ್ತೊಮ್ಮೆ ಓದಿದ.

“ಮೇಡಂ, ನಮ್ಮ ಮನ್ಯಾಗಿನವ್ರು ಯಾರ ಬಂದಿದ್ರರಿ ನಿಮ್ಮ ಹಂತ್ಯಾಕ?”

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಅವನ ಅಣ್ಣ ಮುತ್ತಣ್ಣ ಆರು ವರ್ಷದ ಹಿಂದೆ ಮನೆ ಬಿಟ್ಟು ಹೋದವನು. ಗೋವಾಕ್ಕೆ ದುಡಿಯಲು ಹೋದ ಎಂದು ಅಪ್ಪ ಅವ್ವ ಹೇಳಿದ್ದರು. ಫೋನಿಲ್ಲ, ಪತ್ತೆಯಿಲ್ಲ. ಹೋದ ದಿನ ಅವನ ಹೆಗಲ ಮೇಲಿನ ಕಂಬಳಿಯೂ ಕಾಣಲಿಲ್ಲ. ಬಲಗಾಲಿನ ಚಪ್ಪಲಿ ಒಂದು ಹೊಳೆಯ ದಂಡೆಯಲ್ಲಿ ಇವನಿಗೇ ಸಿಕ್ಕಿತ್ತು, ಅದನ್ನು ಯಾರಿಗೂ ತೋರಿಸದೆ ಟ್ರಂಕಿನಲ್ಲಿ ಇಟ್ಟಿದ್ದಾನೆ. ಅಣ್ಣ ಬರದೆ ತಾನು ಮದುವೆಯಾಗುವುದಿಲ್ಲ ಎಂದು ಕೂತವನು ಇವನು.

ಇದೆಲ್ಲ ನಾನು ಕಟ್ಟಿದ್ದು ಎಂದೆ. ಹೆಸರು ತಿಳಿಯದಿರಲಿ ಎಂದು ಊರು, ಮನುಷ್ಯ, ನೀರು ಎಲ್ಲ ಬದಲಿಸಿದ್ದೇನೆ, ನಿನ್ನ ಮನೆಯವರು ಯಾರೂ ನನ್ನ ಬಳಿ ಬಂದಿಲ್ಲ, ನನಗೇನೂ ಗೊತ್ತಿಲ್ಲ ಎಂದು ಆಣೆ ಮಾಡಿ ಹೇಳಿದೆ. ಅವನು ತಲೆ ಆಡಿಸಿದ. ಹತ್ತು ವರ್ಷದಿಂದ ವಕೀಲರ ಕಾಗದ ಟೈಪ್ ಮಾಡಿದವನಿಗೆ ವಕೀಲರ ರೀತಿ ತಿಳಿಯದೇ?

“ಕಕ್ಷಿದಾರರ ಹೆಸರ ನೀವು ಹೇಳೂದಿಲ್ಲ ಅಂತ ನನಗ ಗೊತ್ತೈತ್ರಿ. ಕೇಳೂದೂ ಇಲ್ಲ. ಅಣ್ಣ ಅದಾನೋ ಇಲ್ಲೋ, ಅದೊಂದ ಹೇಳ್ರಿ.”

ಇದ್ದಾನೆ ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು, ಗೊತ್ತಿಲ್ಲ ಎಂಬ ಸತ್ಯವನ್ನು ಅವನು ನಂಬಲೊಲ್ಲ. ನನಗೆ ಮೊದಲ ಬಾರಿ ಹೆದರಿಕೆಯಾಯಿತು. ಅವನು ಟೈಪ್ ಮಾಡಿದ್ದು ಇದ್ದ ನನ್ನ ಪೆನ್‌ಡ್ರೈವನ್ನೂ ಹಾಳೆಗಳನ್ನೂ ಕಿತ್ತುಕೊಂಡು ಎದ್ದು ಬಂದೆ.

ಮರುದಿನ ನನ್ನ ಸೀನಿಯರ್ ಬಸಗೊಂಡಪ್ಪನವರ ಬಳಿ ಹೋದೆ. ಕಾಮಣ್ಣನ ಹೆಸರು ಹೇಳದೆ, ಪುಟ ಮಾತ್ರ ತೋರಿಸಿದೆ. ಅವರು ಕನ್ನಡಕ ಇಳಿಸಿ ಓದಿದರು, ಮುಖ ಕೆಂಪಾಯಿತು. ನಾನು ಮಾಡಿದ್ದು ಎರಡು ತಪ್ಪು ಎಂದರು. ಚೇಂಬರಿನಲ್ಲಿ ಕಕ್ಷಿದಾರ ಹೇಳಿದ್ದು ಅವನ ಸ್ವತ್ತು, ಕೇಸು ಮುಗಿದರೂ, ಅವನು ಸತ್ತರೂ ಅದು ನನ್ನದಾಗುವುದಿಲ್ಲ. ಎರಡನೆಯದು, ಇಲ್ಲದ್ದನ್ನು ಬರೆದು ಅದಕ್ಕೆ ಅನುಭವ ಎಂದು ಸಹಿ ಹಾಕಹೊರಟಿದ್ದು.

“ಮುಚ್ಚಬೇಕವಾ ಯಶೋಧರಾ, ಬದಲ ಮಾಡಬಾರದು. ಖಾಲಿ ಬಿಟ್ಟ ಜಾಗಾ ಯಾರಿಗೂ ಸುಳ್ಳ ಹೇಳೂದಿಲ್ಲ.”

ಹಾಗೆಂದು ಪುಟದ ಹಿಂಬದಿಗೆ ತಾವೇ ಬರೆದುಕೊಟ್ಟರು: ಸೆಷನ್ಸ್ ನ್ಯಾಯಾಲಯ, ಕೊಲೆ ಆರೋಪ, ಆರೋಪಿಯ ಪರ, ಕಣ್ಣಾರೆ ಕಂಡವರಿಲ್ಲದ, ಸಾಂದರ್ಭಿಕ ಸಾಕ್ಷ್ಯದ ಪ್ರಕರಣ, ಹದಿನಾಲ್ಕು ಸಾಕ್ಷಿಗಳ ಪಾಟೀ ಸವಾಲು, ಅಂತಿಮ ವಾದ, ಖುಲಾಸೆ. ಒಂದೂವರೆ ಸಾಲು. ಓದುವವನಿಗೆ ಬೇಕಾದ್ದೆಲ್ಲ ಅದರಲ್ಲಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಗುರುವಾರ ಕೋರ್ಟಿನ ಕಲಾಪ ಮುಗಿಯುವ ಹೊತ್ತಿಗೆ ಚೇಂಬರಿಗೆ ಬಂದರೆ ಬಾಗಿಲ ಬಳಿ ಒಬ್ಬ ಮುದುಕಿ ಕೂತಿದ್ದಳು. ಇಳಕಲ್ ಸೀರೆ, ಹಣೆ ಖಾಲಿ. ಹೊರಗೆ ಬಿಸಿಲು ಕುದಿಯುತ್ತಿದ್ದರೂ ಸೆರಗನ್ನು ಚಳಿಗೆ ಹೊದ್ದ ಹಾಗೆ ಹೊದ್ದಿದ್ದಳು. ತಂಗೆವ್ವ, ಕಾಮಣ್ಣನ ಅವ್ವ ಎಂದಳು. ಮಂಗಳವಾರ ಮಗ ಫೋನು ಮಾಡಿ, ಯಾವ ವಕೀಲರ ಬಳಿ ಹೋಗಿದ್ದೆ ಎಂದು ಕೇಳಿದನಂತೆ. ಕಂಬಳಿಯ ಮಾತು, ಕಲ್ಲಿನ ಮಾತು ಎಲ್ಲ ಹೇಳಿದನಂತೆ. ತಾನು ಬಂದದ್ದು ಅವನಿಗೆ ಗೊತ್ತಿಲ್ಲ ಎಂದಳು. ಆಮೇಲೆ ನನ್ನ ಟೇಬಲ್ಲಿನ ಎದುರಿನ ಖಾಲಿ ಕುರ್ಚಿಯನ್ನು ನೋಡಿದಳು. ಅದರಲ್ಲಿ ಕೂರಲಿಲ್ಲ.

“ಮುತ್ತಣ್ಣ ಇಲ್ಲೇ ಕುಂತಿದ್ನೇನ್ರಿ ವಕೀಲ ಬಾಯಾರ? ಮೈ ಹಸಿ ಇತ್ತೇನ್ರಿ?”

ಯಾರೂ ಬಂದಿಲ್ಲ, ನಾನೇ ಬರೆದದ್ದು ಎಂದೆ. ಅವಳು ಮಗನಂತೆಯೇ ತಲೆ ಆಡಿಸಿದಳು. ಬಂದವರ ಹೆಸರನ್ನು ವಕೀಲರು ಹೇಳಬಾರದು, ಕಾಮಣ್ಣ ಹಂಗ ಅಂದಾನ ಎಂದಳು.

ಅವಳು ಮುಂದಿನದನ್ನು ಹೇಳುವ ಮೊದಲೇ ನಾನು ತಡೆದೆ. ನನ್ನ ಕೆಲಸದಲ್ಲಿ ನಾನು ಕಲಿತ ಒಂದೇ ಒಳ್ಳೆಯ ಅಭ್ಯಾಸ ಅದು. ಮಗನ ಪರಿಚಯದವಳೆಂದು ನನ್ನ ಮುಂದೆ ಹೇಳುತ್ತೀರೋ, ನಿಮ್ಮ ವಕೀಲಳೆಂದು ಹೇಳುತ್ತೀರೋ ಎಂದು ಕೇಳಿದೆ. ವಕೀಲಳೆಂದರೆ ನೀವು ಒಪ್ಪದೆ ನಾನು ಯಾರಿಗೂ ಹೇಳುವಂತಿಲ್ಲ, ಪೊಲೀಸರಿಗೂ ಇಲ್ಲ, ಕಾಮಣ್ಣನಿಗೂ ಇಲ್ಲ ಎಂದೆ. ವಕೀಲರಂತಲೇ ಬಂದೇನಿ, ನನಗೇನ ಆಕ್ಕೈತಿ ಅಂತ ಹೇಳ್ರಿ ಎಂದಳು.

ಮುತ್ತಣ್ಣ ಕುಡಿದು ಬಂದು ಅವಳನ್ನು ಹೊಡೆಯುತ್ತಿದ್ದ. ಆ ದಿನ ಕೊಡಲಿ ಎತ್ತಿದ. ಬಿಡಿಸಲು ಬಂದ ಗಂಡ ಕುರಿ ಹಟ್ಟಿಯ ಗೂಟದಿಂದ ಒಂದೇ ಏಟು ಹಾಕಿದ. ಕಾಮಣ್ಣ ಆಗ ಜಮಖಂಡಿಯಲ್ಲಿದ್ದ. ಇಬ್ಬರೂ ಸೇರಿ ಮಗನದೇ ಕಂಬಳಿಯಲ್ಲಿ ಸುತ್ತಿದರು. ನಾಲ್ಕು ತುದಿಗೆ ನಾಲ್ಕು ಕಲ್ಲು, ಗಂಟು ಹಾಕಿದ್ದು ಅವಳೇ. ಗಂಡ ಹೋದ ವರ್ಷ ತೀರಿಕೊಂಡ. ಇದನ್ನು ಅವಳು ಕಾಳು ಹಸನು ಮಾಡುವಾಗ ಮಾತಾಡುವಷ್ಟು ಮೆಲ್ಲಗೆ ಹೇಳಿದಳು.

“ನಾಯಿ ಮೂರ ದಿನಾ ಅಲ್ಲೇ ನೀರ ನೋಡಕೋತ ಕುಂತಿತ್ರಿ. ಅದನ್ನ ಯಾಕ ಬರೀಲಿಲ್ಲ ನೀವು?”

ಆ ಸಾಲು ಕಾಮಣ್ಣನ ಕಣ್ಣಿಗೂ ಬಿದ್ದಿರಲಿಲ್ಲ. ಅದಿದ್ದ ಹಾಳೆಯನ್ನು ನಾನು ಮನೆಯಲ್ಲೇ ಹರಿದಿದ್ದೆ. ನಡೆದದ್ದು ನನ್ನ ಕೈಗೆ ಹೇಗೆ ಬಂತೆಂದು ಹುಡುಕುವ ಧೈರ್ಯ ಇವತ್ತಿಗೂ ಇಲ್ಲ.

ಕಾನೂನು ಏನು ಹೇಳುತ್ತದೆ ಎಂದು ತಿಳಿಸಿದೆ. ಗಂಡನ ಏಟಿಗೆ ಆತ್ಮರಕ್ಷಣೆಯ ವಾದವಿದೆ, ಹೆಣ ಮುಚ್ಚಿಟ್ಟದ್ದು ಅವಳ ಮೇಲೆ ಬರುವ ಬೇರೆ ಅಪರಾಧ; ತಾನಾಗಿ ಹೋಗಿ ಹೇಳುವುದಾದರೆ ನಾನು ಜೊತೆಗಿರುತ್ತೇನೆ ಎಂದೆ. ಕಡೇ ಪಕ್ಷ ಕಾಮಣ್ಣನಿಗಾದರೂ ಹೇಳಿ, ಇಲ್ಲವೇ ನಾನು ಹೇಳಲು ಒಪ್ಪಿಗೆ ಕೊಡಿ ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಅವಳು ಎದ್ದಳು. ಉಳಿದ ಒಬ್ಬ ಮಗ ತನ್ನ ಕೈಯಡುಗೆ ಉಣ್ಣುತ್ತಿದ್ದಾನೆ, ಅದು ನಿಲ್ಲುವುದು ಬೇಡ ಎಂದಳು. ಹೋಗುವಾಗ ಖಾಲಿ ಕುರ್ಚಿಯನ್ನು ಸುತ್ತುಬಳಸಿ ಹೋದಳು.

ಕೊನೆಯ ಪುಟವನ್ನು ಪೂರ್ತಿ ತೆಗೆದುಹಾಕಿದೆ. ಮೊನ್ನೆ ಅದು ಸುಳ್ಳಾಗಿದ್ದರಿಂದ ಹಾಕಬಾರದಿತ್ತು. ಈಗ ನನ್ನ ಕಕ್ಷಿದಾರಳ ಗುಟ್ಟಾಗಿದ್ದರಿಂದ ಹಾಕುವಂತಿರಲಿಲ್ಲ. ಆ ಜಾಗದಲ್ಲಿ ಸೀನಿಯರ್ ಕೊಟ್ಟ ಒಂದೂವರೆ ಸಾಲು ಕೂತಿತು. ಅರ್ಜಿಯ ಕೊನೆಯ ದಿನ ಸೋಮವಾರ. ಬೇರೆ ಅಂಗಡಿಗೆ ಹೋದರೆ ಕಾಮಣ್ಣನಿಗೆ ಅನುಮಾನ ಬರುತ್ತದೆಂದು ಅವನಲ್ಲಿಗೇ ಹೋದೆ.

ಅವನು ಪೂರ್ತಿ ಓದಿದ. ಪುಟ ಇಲ್ಲದ್ದನ್ನು ನೋಡಿದ. ಬಸಗೊಂಡಪ್ಪ ಸಾಹೇಬರು ಕಾಗದ ಟೈಪ್ ಮಾಡಿಸಲು ಬಂದಾಗ, ಯಶೋಧರಾ ಬಯೋಡೇಟಾದಾಗ ಕಥಿ ಕಟ್ಟಿದ್ಲು, ತೆಗಿಸೀನಿ ಎಂದು ಬೈದಾಡಿದ್ದು ಕೇಳಿದೆ ಎಂದ. ಖರೆ ಪ್ರಕರಣ ಆಗಿದ್ದರೆ ನೀವು ತೆಗೆಯುತ್ತಿರಲಿಲ್ಲ, ನಾನೇ ಹುಚ್ಚನಂತೆ ಆಡಿದೆ ಎಂದು ಕ್ಷಮೆ ಕೇಳಿದ. ಅವನ ಮುಖ ಹಗುರಾಗಿತ್ತು. ಪ್ರಿಂಟರಿನಿಂದ ಇನ್ನೊಂದು ಹಾಳೆ ತೆಗೆದು ನನ್ನ ಮುಂದಿಟ್ಟ.

ಮೇಲೆ ದಪ್ಪ ಅಕ್ಷರದಲ್ಲಿ ‘ಕಾಣೆಯಾಗಿದ್ದಾರೆ’ ಎಂದಿತ್ತು. ಕೆಳಗೆ ಮುತ್ತಣ್ಣನ ಫೋಟೋ. ನಗುತ್ತಿದ್ದ, ಹೆಗಲ ಮೇಲೆ ಕಂಬಳಿ. ಗೋವಾದ ಬಸ್‌ಸ್ಟ್ಯಾಂಡುಗಳಲ್ಲಿ ಹಚ್ಚಿ ಬರಲು ಹೊರಟಿದ್ದಾನಂತೆ. ಕಾನೂನಿನ ಪ್ರಕಾರ ಬರಹ ಸರಿಯಿದೆಯೇ ನೋಡಿಕೊಡಿ ಎಂದ. ನಾನು ಪೆನ್ನು ತೆಗೆದೆ. ಎತ್ತರ ಬರೆ, ಗುರುತಿನ ಮಚ್ಚೆ ಬರೆ, ಠಾಣೆಯಲ್ಲಿ ದೂರು ಕೊಟ್ಟು ಅದರ ನಂಬರು ಹಾಕು ಎಂದೆ. ನನ್ನ ಧ್ವನಿ ಸರಿಯಾಗಿಯೇ ಇತ್ತು. ಅದು ನನ್ನನ್ನು ಈಗಲೂ ಅಂಜಿಸುತ್ತದೆ.

“ಹಂಗಂದ್ರ ನಿಮಗ ಖರೇನ ಏನೂ ಗೊತ್ತಿದ್ದಿಲ್ಲ, ಅಲ್ರೀ?”

“ಇಲ್ಲ ಕಾಮಣ್ಣ, ನನಗೇನೂ ಗೊತ್ತಿದ್ದಿಲ್ಲ.”

ಅವನು ಕೈಮುಗಿದ. ಈ ಸಲ ನಂಬಿದ.