ಲತಾಮಣಿ ಹೇಳದೆ ಬಿಟ್ಟಿದ್ದು

ಕುದೂರಿನ ಲತಾಮಣಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಪಕ್ಕದ ಮನೆಯವರು ದೊಡ್ಡ ಫ್ರಿಜ್ ತಂದಾಗ ಆಕೆ ಆ ಬೀದಿಯಲ್ಲಿ ಓಡಾಡುವುದನ್ನೇ ಕೆಲವು ದಿನ ಬಿಟ್ಟಿದ್ದಳು. ತವರಿನ ತಂಗಿ ಗಂಡನ ಜೊತೆ ಊಟಿಗೆ ಹೋಗಿ ಬಂದು ಫೋಟೋ ಕಳಿಸಿದಾಗ ನೆಟ್‌ವರ್ಕ್ ಇಲ್ಲ, ತೆರೆಯುತ್ತಿಲ್ಲ ಎಂದು ಸುಳ್ಳು ಹೇಳಿದ್ದಳು. ಆದರೆ ಒಂದು ದಿನ ಅಕ್ಷರದ ಮೇಲೂ ಹೊಟ್ಟೆಕಿಚ್ಚು ಪಡಬೇಕಾಗುತ್ತದೆ ಎಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ.

ಯೂಟ್ಯೂಬಿನ ಅಡುಗೆ ಚಾನೆಲ್ ಆಕೆಯ ಹೆಸರಿನಲ್ಲೇ ಇತ್ತು. ಒಲೆಯ ಮುಂದೆ ಕೂತು ಮಾತಾಡುವವಳು ಆಕೆ. ಬಳೆ ತುಂಬಿದ ಕೈ ಆಕೆಯದು, ಮುದ್ದೆ ತಿರುವುವ ಕೋಲು ಆಕೆಯದು. ವಾರಗಿತ್ತಿ ರಮ್ಯಾ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದಳು, ಆಮೇಲೆ ಜಗಲಿಯಲ್ಲಿ ಕೂತು ಬೇಡವಾದದ್ದನ್ನು ಕತ್ತರಿಸಿ, ಪರದೆಯ ಮೇಲೆ ಅಕ್ಷರ ಹಾಕುತ್ತಿದ್ದಳು. ಮೊದಮೊದಲು ಆ ಅಕ್ಷರಗಳೆಂದರೆ ಲತಾಮಣಿಗೆ ಪಂಚಪ್ರಾಣ. ತಾನು 'ಈರುಳ್ಳಿ ಹಾಕ್ಕೊಳಿ' ಎಂದರೆ ಪರದೆಯ ಮೇಲೂ 'ಈರುಳ್ಳಿ ಹಾಕ್ಕೊಳಿ' ಎಂದು ಹಳದಿ ಬಣ್ಣದಲ್ಲಿ ಕುಣಿಯುತ್ತ ಬರುತ್ತಿತ್ತು. ತನ್ನ ಬಾಯಿಂದ ಬಿದ್ದದ್ದೆಲ್ಲ ಅಚ್ಚಾಗುತ್ತಿದೆಯಲ್ಲ ಎಂದು ಗಂಡ ಅನಂತರಾಜುವನ್ನು ಕೂಗಿ ಕರೆದು ತೋರಿಸುತ್ತಿದ್ದಳು.

ಅದನ್ನು ನಿಲ್ಲಿಸಿದವಳು ರಮ್ಯಾ. ನೋಡುವವರು ಮೊದಲ ನಿಮಿಷದಲ್ಲೇ ಎದ್ದು ಹೋಗುತ್ತಿದ್ದಾರೆ ಎಂದು ಫೋನಿನಲ್ಲಿ ಇಳಿಯುತ್ತಿದ್ದ ಗೆರೆಯನ್ನು ತೋರಿಸಿದಳು. ಕಿವಿಗೆ ಬಿದ್ದದ್ದನ್ನೇ ಕಣ್ಣಿಗೂ ಬಡಿಸಿದರೆ ಓದು ಬೇಗ ಮುಗಿದು ಕಣ್ಣು ಸುಮ್ಮನೆ ಕಾಯುತ್ತದೆ, ಬೇಸರ ಬರುತ್ತದೆ ಎಂದಳು. ಕಿವಿ ಕೇಳದವರಿಗೆ ಮಾತನ್ನು ಇದ್ದ ಹಾಗೆ ಬರೆದ ಸಾಲು ಬೇರೆ ಇರುತ್ತದೆ, ಬೇಕಾದವರು ಬಟನ್ ಒತ್ತಿ ಹಾಕಿಕೊಳ್ಳುತ್ತಾರೆ, ಅದನ್ನೂ ನಾನೇ ತಿದ್ದಿ ಇಡುತ್ತೇನೆ ಎಂದೂ ಹೇಳಿದಳು. ಲತಾಮಣಿ ಅರ್ಧ ಕೇಳಿದಳು, ಅರ್ಧ ಬಿಟ್ಟಳು.

"ಬಾಯಲ್ಲಿ ಬಂದಿದ್ದು ಬ್ಯಾಡ ಕಣಕ್ಕ. ನೀನು ಹೇಳ್ದೆ ಬುಟ್ಟಿರೋದನ್ನ ಬರೀತೀನಿ," ಎಂದಳು ರಮ್ಯಾ.

ಅಲ್ಲಿಂದ ಶುರುವಾಯಿತು. ಲತಾಮಣಿ ಸೊಪ್ಪಿನ ಸಾರಿಗೆ 'ಒಂದು ಚಮಚ ಖಾರದಪುಡಿ' ಎಂದರೆ, ಅವಳ ಮಾತು ನಿಂತು ಕೈ ಮಾತ್ರ ಆಡುತ್ತಿರುವಾಗ ಪರದೆಯ ಮೇಲ್ಭಾಗದಲ್ಲಿ ನಾಲ್ಕೇ ಪದ: 'ಮಕ್ಕಳಿದ್ದರೆ ಅರ್ಧ ಚಮಚ ಸಾಕು'. ಹಿತಕಿದವರೆ ಸಾರಿಗೆ ತೆಂಗಿನಕಾಯಿ ತುರಿಯುವಾಗ, 'ಕಾಯಿ ಇಲ್ಲವೇ? ಹುರಿಗಡಲೆ ಆಗುತ್ತದೆ'. ಕುಣಿತವಿಲ್ಲ, ಬಣ್ಣವಿಲ್ಲ. ನಿಧಾನ ಓದುವವರೂ ಎರಡು ಸಲ ಓದುವಷ್ಟು ಹೊತ್ತು ನಿಂತು ಹೋಗುತ್ತಿತ್ತು. ನೋಡುವವರು ಹೆಚ್ಚಿದರು. ವಿಡಿಯೋದ ಕೆಳಗೆ ಜನ ಬರೆಯುವ ಮಾತುಗಳೂ ಹೆಚ್ಚಿದವು. ಹಾರೋಹಳ್ಳಿಯಿಂದ ಯಾರೋ ಬರೆದರು: ಅಡುಗೆ ಎಲ್ಲರೂ ತೋರಿಸುತ್ತಾರೆ, ಈ ಅಕ್ಷರ ಬರೆಯುವವರು ನಮ್ಮ ಮನಸ್ಸಿನೊಳಗೆ ಕೂತಿದ್ದಾರೆ.

ಲತಾಮಣಿಗೆ ಆ ಸಾಲು ಬಾಯಿಪಾಠವಾಗಿ ಹೋಯಿತು. ಒಳ್ಳೆಯ ಮಾತು ಮರೆತುಹೋಗುತ್ತದೆ, ಹೊಟ್ಟೆ ಉರಿಸುವ ಮಾತು ಮಾತ್ರ ಹೇಗೆ ನೆನಪಿರುತ್ತದೋ.

ಮಾಗಡಿಯ ಮದುವೆಯೊಂದರಲ್ಲಿ ಅದು ಇನ್ನೂ ಕೆಟ್ಟಿತು. ಊಟದ ಸಾಲಿನಲ್ಲಿ ಎದುರಿಗೆ ಕೂತ ಹೆಂಗಸೊಬ್ಬಳು ಲತಾಮಣಿಯನ್ನು ಗುರುತು ಹಿಡಿದು ಕಣ್ಣರಳಿಸಿದಳು. ಲತಾಮಣಿ ಸೆರಗು ಸರಿಮಾಡಿಕೊಂಡು, ನಗುವನ್ನು ಸಿದ್ಧಮಾಡಿಕೊಂಡಳು. ಹೆಂಗಸು ಕೇಳಿದ್ದು ಒಂದೇ ಮಾತು: "ಆ ಅಕ್ಷರ ಬರೆಯೋರು ನೀವೇನಾ?" ಅಲ್ಲ, ನನ್ನ ವಾರಗಿತ್ತಿ ಎಂದಾಗ ಆ ಹೆಂಗಸು ಅತ್ತಿತ್ತ ಕತ್ತು ಚಾಚಿ ರಮ್ಯಾ ಎಲ್ಲಿದ್ದಾಳೆಂದು ಹುಡುಕಿದಳು. ಲತಾಮಣಿ ಎಲೆಯ ಮೇಲಿದ್ದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮನೆಗೆ ಬರುವಷ್ಟರಲ್ಲಿ ಆಕೆ ಒಂದು ಉಪಾಯ ಮಾಡಿದ್ದಳು. ನಾನು ಹೇಳದೆ ಬಿಟ್ಟದ್ದನ್ನು ತಾನೇ ಅವಳು ಬರೆಯುವುದು? ನಾನು ಏನನ್ನೂ ಬಿಡದಿದ್ದರೆ? ಮುಂದಿನ ವಿಡಿಯೋದಿಂದಲೇ ಲತಾಮಣಿ ಬಾಯಿ ಮುಚ್ಚಲಿಲ್ಲ. ಎಷ್ಟು ಜನಕ್ಕೆ, ಯಾವ ಅಳತೆಯ ಲೋಟ, ಕಾಯಿ ಇಲ್ಲದಿದ್ದರೆ ಏನು, ಮಕ್ಕಳಿಗೆ ಹೇಗೆ, ಮುದುಕರಿಗೆ ಹೇಗೆ, ಎಲ್ಲವನ್ನೂ ಉಸಿರು ಬಿಡದೆ ಹೇಳಿ, ಕೊನೆಗೆ ಫೋನಿನ ಹಿಂದೆ ನಿಂತ ರಮ್ಯಾಳ ಮುಖವನ್ನು ಗೆದ್ದವಳಂತೆ ನೋಡಿದಳು. ರಮ್ಯಾ ಚೆನ್ನಾಗಿ ಬಂತು ಅಕ್ಕ ಎಂದಳು, ಅಷ್ಟೆ. ವಿಡಿಯೋ ಬಂದಾಗ ನೋಡಿದರೆ ಮುದ್ದೆ ಬಡಿಸುವ ಕಡೆ ಒಂದು ಸಾಲು ಇದ್ದೇ ಇತ್ತು: 'ಮಿಕ್ಕ ಮುದ್ದೆ ಬೆಳಿಗ್ಗೆ ಮಜ್ಜಿಗೆಗೆ'. ಇದನ್ನು ಹೇಗೆ ಮರೆತೆ ಎಂದು ಲತಾಮಣಿ ಹಣೆ ಚಚ್ಚಿಕೊಂಡಳು.

ಹೀಗೆ ಜಿದ್ದಿಗೆ ಬಿದ್ದು ವಿಡಿಯೋಗಳು ಉದ್ದವಾದವು. ನಿನ್ನ ಸಾರು ಕುದಿಯುವಷ್ಟರಲ್ಲಿ ನನಗೆ ನಿದ್ದೆ ಬರುತ್ತದೆ ಎಂದು ಅನಂತರಾಜು ರೇಗಿಸಿದ. ನೋಡುವವರು ಮತ್ತೆ ಎದ್ದು ಹೋಗತೊಡಗಿದರು. ರಮ್ಯಾ ಒಂದು ದಿನವೂ ದೂರಲಿಲ್ಲ. ಅವಳು ದೂರಿದ್ದರೆ ಲತಾಮಣಿಗೆ ಜಗಳವಾಡಲು ಒಂದು ದಾರಿಯಾದರೂ ಇರುತ್ತಿತ್ತು. ಈ ಹುಡುಗಿ ಅದನ್ನೂ ಕೊಡಲಿಲ್ಲ.

ಕೊನೆಗೆ ಎಲ್ಲರೂ ಕೇಳುತ್ತಿದ್ದ ಹುರುಳಿಕಾಳಿನ ಬಸ್ಸಾರು ಮಾಡುವ ದಿನ ಬಂತು. ಸುಮ್ಮನೆ ಬಸ್ಸಾರಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಕರಿ ಸಿಪ್ಪೆ ತೆಗೆದು, ಬೆಂದ ಕಾಳು ಒಂದು ಹಿಡಿ ಸೇರಿಸಿ ರುಬ್ಬಿ, ಕಾಳು ಬಸಿದ ನೀರಿಗೆ ಬೆರೆಸುವ ಬಸ್ಸಾರು. ನೆಂಟರು ಬಂದರೆ ಲತಾಮಣಿ ಅದನ್ನೇ ಮಾಡುತ್ತಿದ್ದಳು, ಅದರಿಂದಲೇ ಕುದೂರಿನಲ್ಲಿ ಆಕೆಗೆ ಒಳ್ಳೆ ಅಡುಗೆಯವಳೆಂಬ ಹೆಸರು ಬಂದದ್ದು. ಆ ದಿನ ಕೆಂಡ ಕೆದಕುತ್ತ, ಮದುವೆಮನೆಯ ಹೆಂಗಸನ್ನು ನೆನೆದುಕೊಂಡು, ಆಕೆಯ ಬಾಯಿ ಜಾರಿತು.

"ಈ ಸುಟ್ಟೀರುಳ್ಳಿ ಗುಟ್ಟು ನಂದೇಯಾ. ಯಾರೂ ಹೇಳ್ಕೊಟ್ಟಿದ್ದಲ್ಲ, ನಾನೇ ಕಂಡ್ಕೊಂಡಿದ್ದು," ಎಂದುಬಿಟ್ಟಳು.

ಹೇಳಿ ತಲೆಯೆತ್ತಿದರೆ ಫೋನಿನ ಹಿಂದೆ ರಮ್ಯಾ. ಲತಾಮಣಿ ತಟ್ಟನೆ ಮುಖವನ್ನು ಕೆಂಡದ ಕಡೆ ತಿರುಗಿಸಿದಳು. ಯಾಕೆಂದರೆ ಅದು ಶುದ್ಧ ಸುಳ್ಳು. ರಮ್ಯಾ ಈ ಮನೆಗೆ ಬಂದ ಹೊಸತರಲ್ಲಿ ಅವಳ ತಾಯಿ ಬೋರಮ್ಮ ಮಗಳನ್ನು ನೋಡಲು ತನ್ನೂರು ಕಲ್ಯದಿಂದ ಬಂದು, ಇದೇ ಒಲೆಯ ಮುಂದೆ ಕೂತು, ಹೀಗೇ ಈರುಳ್ಳಿ ಸುಟ್ಟಿದ್ದಳು. ಲತಾಮಣಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಲಿತಿದ್ದಳು. ಬೋರಮ್ಮ ಆಕೆಯ ಕೈಗೆ ಈರುಳ್ಳಿ ಕೊಟ್ಟು, ಒಸಿ ಒತ್ತಿ ನೋಡವ್ವ, ಮೆತ್ತಗಾಗಿರಬೇಕು ಎಂದಿದ್ದಳು.

ಎಲ್ಲವನ್ನೂ ಹೇಳಿ ಮುಗಿಸಿದ ಲತಾಮಣಿ ಇದೊಂದನ್ನು ಹೇಳದೆ ಬಿಟ್ಟಿದ್ದಳು. ಹೇಳದೆ ಬಿಟ್ಟಿದ್ದನ್ನು ಬರೆಯುವುದೇ ರಮ್ಯಾಳ ಕಸುಬು.

ಆಮೇಲೆ ರಮ್ಯಾ ಫೋನ್ ಮುಟ್ಟಿದಾಗಲೆಲ್ಲ ಲತಾಮಣಿ ಕಸ ಗುಡಿಸುವ ನೆಪದಲ್ಲಿ ಅವಳ ಹಿಂದೆ ಸುಳಿದಾಡುತ್ತಿದ್ದಳು. ಊರೆಲ್ಲ ನೋಡುವ ಪರದೆಯಲ್ಲಿ ತನ್ನ ಮುಖದ ಮೇಲೇ 'ಸುಳ್ಳು' ಎಂದು ಬಂದರೆ? ಮಾಗಡಿಯ ಆ ಹೆಂಗಸು ಓದಿದರೆ? ಇನ್ನು ಒಲೆಯ ಮುಂದೆ ಯಾವ ಮುಖ ಇಟ್ಟುಕೊಂಡು ಕೂರುವುದು? ಕೇಳಿಬಿಡೋಣವೆಂದರೆ ಬಿಗುಮಾನ. ಕೊನೆಗೆ ರಮ್ಯಾಳೇ ಕರೆದು, ಹಾಕುವ ಮುಂಚೆ ಒಂದು ಸಲ ನೋಡು ಅಕ್ಕ ಎಂದು ಫೋನ್ ಕೈಗಿತ್ತಳು.

ಲತಾಮಣಿ ಜಗಲಿಯ ಮೇಲೆ ಕೂತು ನೋಡಿದಳು. ಕಾಳು ಬೇಯುವ ಕಡೆ ಒಂದು ಸಾಲಿತ್ತು. 'ಕೆಂಡ ಇಲ್ಲವೇ? ಗ್ಯಾಸ್ ಮೇಲೆ ಜಾಲರಿ' ಎಂದು ಒಂದು ಸಾಲಿತ್ತು. 'ನಾನೇ ಕಂಡ್ಕೊಂಡಿದ್ದು' ಎಂಬ ಮಾತು ಬರುವ ಹೊತ್ತಿಗೆ ಆಕೆ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಮಾತು ಬಂತು, ಹೋಯಿತು. ಈರುಳ್ಳಿಯ ಕರಿ ಸಿಪ್ಪೆ ಕಳಚಿತು, ಆಕೆಯ ಕೈ ಸುಮ್ಮನೆ ಆಡಿತು. ಪರದೆಯ ಮೇಲೆ ಒಂದಕ್ಷರವಿಲ್ಲ. ರಮ್ಯಾ ಅಕ್ಷರ ಹಾಕುವುದು ಯಾವಾಗಲೂ ಇಂಥ ಮಾತಿಲ್ಲದ ಜಾಗದಲ್ಲೇ, ಈ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು.

ಇಲ್ಲಿ ಯಾಕೆ ಏನೂ ಬರೆದಿಲ್ಲ ಎಂದು ಕೇಳಿದಾಗ ಲತಾಮಣಿಯ ದನಿ ಆಕೆಗೇ ಹೊಸದಾಗಿ ಕೇಳಿಸಿತು.

"ಅಲ್ಲಿ ಬರಿಯೋಕೆ ಒಂದೇ ಮಾತಿತ್ತು ಕಣಕ್ಕ. ನಿನ್ ಬಾಯಿ ಒಂದು, ನನ್ನಕ್ಷರ ಒಂದು ಹೇಳುದ್ರೆ ನೋಡೋರು ಇಬ್ರುನ್ನೂ ನಂಬಾಕಿಲ್ಲ," ಎಂದಳು ರಮ್ಯಾ. ಆಮೇಲೆ, "ಅದು ನಾನು ಬರಿಯೋ ಮಾತೂ ಅಲ್ಲ," ಎಂದಳು.

ಲತಾಮಣಿಗೆ ಉಳಿದುಕೊಂಡೆನಲ್ಲ ಎಂಬ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬದಲಿಗೆ ಹೊಟ್ಟೆಯೊಳಗೆ ಹಳೆಯ ಉರಿಯೇ ಇನ್ನೂ ಜೋರಾಗಿ ಎದ್ದಿತು. ಬರೆದರೂ ಇವಳೇ ದೊಡ್ಡವಳು, ಬರೆಯದಿದ್ದರೂ ಇವಳೇ ದೊಡ್ಡವಳು. ಸುಮ್ಮನಿರುವುದೂ ಇವಳಿಗೇ ಬರಬೇಕೇ? ಇವಳ ಔದಾರ್ಯದ ಕೆಳಗೆ ಬದುಕುವುದಕ್ಕಿಂತ ಊರವರ ಮುಂದೆ ಸಣ್ಣವಳಾಗುವುದೇ ವಾಸಿ ಎನಿಸಿತು.

"ನಾನೇ ಕಂಡ್ಕೊಂಡೆ ಅಂದಿದ್ದನ್ನ ಕತ್ತರ್ಸು," ಎಂದಳು. "ಆ ಖಾಲಿ ಜಾಗದಲ್ಲಿ ನಿಮ್ಮವ್ವನ ಹೆಸರಾಕು. ಅದನ್ನ ಹೇಳೋಕೆ ನಂಗೆ ಬಾಯಿ ಬರಾಕಿಲ್ಲ."

ರಮ್ಯಾ ಫೋನನ್ನು ತೆಗೆದುಕೊಂಡು ಆ ಮಾತನ್ನು ಕತ್ತರಿಸಿದಳು, ಆದರೆ ಬರೆಯಲಿಲ್ಲ. ಫೋನನ್ನು ಮರಳಿ ಲತಾಮಣಿಯ ಕೈಗೇ ಕೊಟ್ಟು, ಇಲ್ಲಿ ಒತ್ತು, ಇಲ್ಲಿ ಬರೆ ಎಂದು ತೋರಿಸಿದಳು. ಲತಾಮಣಿ ಬೆರಳು ತಡವರಿಸುತ್ತ ಬರೆದಳು. ಬೋರಮ್ಮ ಬಂದದ್ದು, ಕೂತದ್ದು, ಒತ್ತಿ ನೋಡವ್ವ ಎಂದದ್ದು, ಎಲ್ಲ ಸೇರಿ ಪರದೆ ತುಂಬಿ ಆಕೆಯ ಮುಖವೇ ಮುಚ್ಚಿಹೋಯಿತು. ಈರುಳ್ಳಿ ಸುಲಿಯುವಷ್ಟರಲ್ಲಿ ಇಷ್ಟನ್ನು ಯಾರು ಓದುತ್ತಾರೆ ಎಂದಳು ರಮ್ಯಾ. ಲತಾಮಣಿ ಅಳಿಸಿದಳು, ಮತ್ತೆ ಅಳಿಸಿದಳು. ಒಂದೊಂದು ಪದ ತೆಗೆಯುವಾಗಲೂ ಯಾವುದು ಇರಬೇಕು, ಯಾವುದು ಹೋಗಬಹುದು ಎಂದು ಯೋಚಿಸುತ್ತ ಸೀರೆ ಬೆವರಿಗೆ ನೆನೆದದ್ದು ಆಕೆಗೆ ಗೊತ್ತಾಗಲಿಲ್ಲ. ಕೊನೆಗೆ ಉಳಿದದ್ದು: 'ಹೇಳಿಕೊಟ್ಟವರು ಕಲ್ಯದ ಬೋರಮ್ಮ'.

ವಿಡಿಯೋ ಹಾಕಿದ ದಿನ ಸಂಜೆಯ ಹೊತ್ತಿಗೆ ಕೆಳಗೆ ಮಾತುಗಳು ತುಂಬಿದವು. ಸಾರು ಚೆನ್ನಾಗಿದೆ ಎಂದವರು ಕೆಲವರು. ಉಳಿದವರೆಲ್ಲ ಕೇಳಿದ್ದು ಒಂದೇ: ಬೋರಮ್ಮ ಯಾರು? ಬೋರಮ್ಮನವರನ್ನು ತೋರಿಸಿ. ಬೋರಮ್ಮನವರ ಇನ್ನೊಂದು ಅಡುಗೆ ಹಾಕಿ. ಲತಾಮಣಿ ಒಂದೊಂದನ್ನೂ ಓದಿದಳು, ಒಂದೊಂದಕ್ಕೂ ಉರಿದಳು. ಇಷ್ಟು ದಿನ ಮಗಳು, ಈಗ ತಾಯಿ. ಆದರೆ ಕೊನೆಯಲ್ಲಿ ಒಬ್ಬರು ಬರೆದಿದ್ದರು: ಆ ಒಂದು ಸಾಲು ನೋಡಿ ನಮ್ಮವ್ವನ ನೆನಪಾಯಿತು, ಬರೆದವರಿಗೆ ನಮಸ್ಕಾರ.

ಲತಾಮಣಿ ಅದನ್ನು ಮತ್ತೆ ಓದಿದಳು. ಬರೆದವರಿಗೆ ಎಂದಿತ್ತು. ಅಂದರೆ ತನಗೆ.

ಆಕೆ ಎದ್ದು ಒಳಗೆ ಹೋದಳು. ರಮ್ಯಾ ಸೊಪ್ಪು ಬಿಡಿಸುತ್ತಿದ್ದಳು.

"ನಾಳಿಕ್ಕೆ ನಿಮ್ಮವ್ವುಂಗೆ ಫೋನ್ ಮಾಡಿ ಬರಕ್ಕೇಳು," ಎಂದಳು ಲತಾಮಣಿ. "ಒಲೆ ಮುಂದೆ ಅವ್ರು ಕೂತ್ಕೊಂಡು ಮಾತಾಡ್ಲಿ. ಅಕ್ಷರ ನಾನು ಬರೀತೀನಿ."

ರಮ್ಯಾಳ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಅವಳ ಮುಖದಲ್ಲಿ ಒಂದು ಸಣ್ಣ ಉರಿ ಹಾದುಹೋದದ್ದನ್ನು ಲತಾಮಣಿ ಕಂಡಳು. ಅದರ ಗುರುತು ಆಕೆಗಿಂತ ಚೆನ್ನಾಗಿ ಇನ್ನಾರಿಗೆ ಇರುತ್ತದೆ. ಬಹಳ ದಿನಗಳ ಮೇಲೆ ಲತಾಮಣಿ ವಾರಗಿತ್ತಿಯ ಪಕ್ಕದಲ್ಲಿ ಕೂತು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ಸೊಪ್ಪು ಬಿಡಿಸತೊಡಗಿದಳು.