ದನಿ ಹಿಡಿಯುವ ಫೋನು

ಗಂಟಲಿನ ಆಪರೇಷನ್ ಆದ ಮೇಲೆ ಟೀಚರ ದನಿ ಪಿಸುಮಾತಿನಿಂದ ಮೇಲೇಳಲೇ ಇಲ್ಲ. ಒಂದೇ ಕೂಗಿಗೆ ಇಡೀ ತರಗತಿಯನ್ನು ಗಪ್‌ಚಿಪ್ ಮಾಡುತ್ತಿದ್ದವರು ಈಗ ಮಿಕ್ಸಿ ತಿರುಗಿದರೆ ಮಾತು ನಿಲ್ಲಿಸುತ್ತಿದ್ದರು. ಅದಕ್ಕಿಂತ ದೊಡ್ಡ ಸಂಕಟ ಫೋನಿನದು. ದೂರದ ಊರಿನ ಅಕ್ಕ "ಹಲೋ, ಹಲೋ" ಎಂದು ಕೂಗಿ ಕೂಗಿ ಇಟ್ಟುಬಿಡುತ್ತಿದ್ದಳು. ಆರು ತಿಂಗಳಿಂದ ಅಕ್ಕತಂಗಿಯರ ಮಾತೆಲ್ಲ ಟೀಚರ ಗಂಡನ ಬಾಯಿಂದಲೇ. ಅವರೋ ದರ್ಜಿ, ಉದ್ದದ್ದನ್ನೆಲ್ಲ ಕತ್ತರಿಸಿ ಗಿಡ್ಡ ಮಾಡಿ ಹೇಳುವವರು.

ಕೊನೆಗೆ ಅವರೇ ಹೆಂಡತಿಯನ್ನು ಫೋನಿನ ಅಂಗಡಿಗೆ ಕರೆದುಕೊಂಡು ಬಂದರು.

"ಯಾವ ಬಣ್ಣ ತೋರಿಸ್ಲಿ?" ಎಂದಳು ಅಂಗಡಿಯ ಹುಡುಗಿ.

"ಬಣ್ಣ ಯಾವ್ದಾದ್ರೂ ಇರ್ಲಿ ಕಣಮ್ಮ. ಇವಳ ದನಿ ಹಿಡಿದ್ರೆ ಸಾಕು."

ಗಿರಾಕಿಗಳು ನೋಡುವುದಕ್ಕೆಂದು ಇಟ್ಟಿದ್ದ ಫೋನೊಂದನ್ನು ಹುಡುಗಿ ತೆಗೆದಳು. ಮೊದಲು ಹಾಡು ಹಾಕಿ ದನಿ ಪೂರ್ತಿ ಏರಿಸಿದಳು, ಸ್ಪೀಕರಿನ ದನಿ ಒಡೆಯಲಿಲ್ಲ. ಟೀಚರ ಮಾತನ್ನು ರೆಕಾರ್ಡ್ ಮಾಡಿ ಕೇಳಿಸಿದಳು. ಸಣ್ಣದಾಗಿದ್ದರೂ ಮಾತು ಸ್ಪಷ್ಟವಾಗಿತ್ತು. ಫೋನಿನ ಮೇಲ್ತುದಿಯ ಮೈಕನ್ನೂ ಪರೀಕ್ಷಿಸಲೆಂದು ವಿಡಿಯೋ ತೆಗೆದಳು, ಅದೂ ಸರಿ. ಟೀಚರ ಸಿಮ್ ಹಾಕಿದ ಮೇಲೆ ದರ್ಜಿ ತಮ್ಮ ಫೋನು ಹಿಡಿದು ರಸ್ತೆಯಂಚಿಗೆ ಹೋಗಿ ನಿಂತರು. ಟೀಚರ್ ಒಳಗಿನಿಂದ ಅವರಿಗೆ ಫೋನು ಹಚ್ಚಿ ಮಾತಾಡಿದರು.

"ತುಂಡುತುಂಡಾಗಿ ಬರ್ತಿದೆ," ಎಂದು ಗಾಜಿನಾಚೆಯಿಂದ ಕೈ ಆಡಿಸಿದರು. ಟೀಚರ್ ಲೌಡ್‌ಸ್ಪೀಕರ್ ಹಾಕಿ ಮಾತಾಡಿದಾಗಲಂತೂ ಅವರಿಗೆ ಏನೂ ಕೇಳಿಸಲಿಲ್ಲ.

"ಕಾಲ್‌ನಲ್ಲಿ ಸುತ್ತಲಿನ ಗದ್ದಲಾನ ಫೋನೇ ಅಳಿಸುತ್ತೆ ಆಂಟಿ," ಎಂದಳು ಹುಡುಗಿ ಮೆಲ್ಲಗೆ. "ನಿಮ್ಮ ದನೀನೂ ಗದ್ದಲ ಅಂದ್ಕೊಂಡಿರ್ಬೇಕು."

ಇನ್ನೊಂದು ಫೋನಿನಲ್ಲೂ ಅದೇ ಕಥೆ. ಟೀಚರ್ ಚೀಲ ಹೆಗಲಿಗೇರಿಸಿದರು.

"ಒಂದ್ನಿಮಿಷ ಆಂಟಿ. ಇದಕ್ಕೆ ಇಯರ್‌ಫೋನ್ ತೂತಿದೆ." ಹುಡುಗಿ ಡ್ರಾಯರಿನಿಂದ ವಯರಿನ ಇಯರ್‌ಫೋನ್ ತೆಗೆದು ಚುಚ್ಚಿದಳು. ಪಿನ್ನನ್ನು ತಿರುಗಿಸಿ ನೋಡಿದಳು: ಕರಕರ ಇಲ್ಲ, ಎಡಬಲ ಎರಡೂ ಕೇಳಿಸುತ್ತಿದ್ದವು. ವಯರಿನಲ್ಲಿದ್ದ ಪುಟ್ಟ ಮೈಕನ್ನು ಟೀಚರ ತುಟಿಯ ಪಕ್ಕಕ್ಕೇ ತಂದು ಹಿಡಿದಳು. "ಈಗ ಮಾತಾಡಿ."

"ರೀ," ಎಂದರು ಟೀಚರ್.

ಹೊರಗಿದ್ದ ದರ್ಜಿ ಬೆನ್ನು ತಿರುಗಿಸಿ ನಿಂತುಬಿಟ್ಟರು.

"ಕೇಳಿಸ್ಲಿಲ್ವಾ?"

"ಇನ್ನೊಂದ್ಸಲ ಕರಿ."

"ಕೇಳಿಸ್ಲಿಲ್ವೇನ್ರೀ?"

"ಕೇಳಿಸ್ತು. ಅದಕ್ಕೇ ಇನ್ನೊಂದ್ಸಲ ಅಂದೆ."

ಅದೇ ಮಾದರಿಯ ಹೊಸ ಡಬ್ಬಿ ಒಡೆಸಿ, ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿಯೇ ದರ್ಜಿ ತಲೆಯಾಡಿಸಿದರು. ಸಿಮ್ ಹಾಕಿದ್ದೇ ತಡ, ಟೀಚರ್ ಅಕ್ಕನಿಗೆ ಫೋನು ಹಚ್ಚಿದರು.

"ಅಕ್ಕಾ, ನಾನು."

ಆಚೆ ಮೂಗು ಸೊರ್ರೆಂದಿತು. "ಪುಟ್ಟೀ! ನಿನ್ನ ದನಿ ಥೇಟ್ ಅಮ್ಮನ ಥರ ಆಗಿದ್ಯಲ್ಲೇ. ನಮ್ಮನ್ನ ಮಲಗಿಸೋವಾಗ ಕಿವಿ ಹತ್ರ ಹಿಂಗೇ ಮಾತಾಡ್ತಿದ್ಲು. ಮಾತಾಡೇ, ಇನ್ನೂ ಮಾತಾಡು."

ಹುಡುಗಿ ಅಂಗಡಿಯ ಹಾಡು ನಿಲ್ಲಿಸಿ ಒಂದು ಸ್ಟೂಲು ಎಳೆದುಕೊಟ್ಟಳು. ಟೀಚರ್ ಮೈಕನ್ನು ಎರಡು ಬೆರಳಲ್ಲಿ ಹಿಡಿದು ಆರು ತಿಂಗಳ ಮಾತಿಗೆ ಕೂತರು.