ಮೂಲೆಗೆ ಬಂದ ಬೂದುಹಸಿರು

ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ತಿದ್ದಮ್ಮ ಎಂದೇ ಕರೆಯುತ್ತಿದ್ದರು. ಔಷಧಿ ಡಬ್ಬಿಯೊಳಗೆ ಮಡಚಿ ಇಡುವ ಸಣ್ಣಕ್ಷರದ ಕಾಗದವಿದೆಯಲ್ಲ, ಅದರ ಕರಡು ತಿದ್ದುವುದು ಅವಳ ಕೆಲಸ. ಎರಡು ವರ್ಷದಿಂದ ಮನೆಯಲ್ಲೇ ಕೂತು ಮಾಡುತ್ತಿದ್ದಳು. ನಡುಮನೆಯ ಮೂಲೆಯಲ್ಲಿ ಕಿಟಕಿಗೆ ಬೆನ್ನು ಹಾಕಿದ ಕುರ್ಚಿ, ಕನ್ನಡಿಯಂತೆ ಹೊಳೆಯುವ ಬಿಳಿ ಮೇಜು, ಅದರ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಕರಡಿನ ಹಾಳೆಗಳು. ಎದುರಿಗೆ ಕಿತ್ತಳೆ ಬಣ್ಣದ ಗೋಡೆ. ಉತ್ಸಾಹ ಬರಲಿ ಎಂದು ಅವಳೇ ಹಟ ಹಿಡಿದು ಬಳಿಸಿದ್ದು.

ಒಂದು ಮಧ್ಯಾಹ್ನ ಮಕ್ಕಳ ಔಷಧಿಯ ಕಾಗದದಲ್ಲಿ ಒಂದು ಚುಕ್ಕೆ ಅವಳ ಕಣ್ತಪ್ಪಿತು. ಅರ್ಧ ಇರಬೇಕಾದದ್ದು ಐದಾಗಿತ್ತು. ಎರಡನೇ ಸಲ ಓದುವವರು ಹಿಡಿದದ್ದರಿಂದ ಅನಾಹುತ ತಪ್ಪಿತು. ಮ್ಯಾನೇಜರ್ ಬೈಯಲಿಲ್ಲ. "ಒಮ್ಮೆ ಕಣ್ಣು ತೋರಿಸ್ಕೊಳ್ಳಿ" ಎಂದಷ್ಟೇ ಅಂದರು. ಬೈದಿದ್ದರೇ ವಾಸಿ ಇತ್ತು ಅನಿಸಿತು ಅವಳಿಗೆ.

ಕಣ್ಣಿನ ಡಾಕ್ಟರು ನೋಡಿ, ಕಣ್ಣು ಚೆನ್ನಾಗಿದೆ, ನೀವು ಕೂರೋ ಜಾಗ ನೋಡ್ಕೊಳ್ಳಿ ಎಂದರು.

"ಪುಟ್ಟಿನ ಕರೆಯೋಣ" ಎಂದ ಗಂಡ. "ಪೇಂಟ್ ಅಂಗಡೀಲಿ ಅವಳ ಕೆಲಸಾನೇ ಅದು. ಯಾವ ಕೋಣೆಗೆ ಯಾವ ಬಣ್ಣ ಅಂತ ದಿನಾ ಹತ್ತು ಜನಕ್ಕೆ ಹೇಳ್ತಾಳೆ."

ಪುಟ್ಟಿ ಅಂದರೆ ಅವನ ತಂಗಿ. ತಿದ್ದಮ್ಮನಿಗೆ ಮಿಕ್ಸಿ ನೆನಪಾಯಿತು. ಹೋದ ವರ್ಷ ಇದೇ ನಾದಿನಿ "ಹೊಸದು ಅತ್ತಿಗೆ, ಮುಟ್ಟಿಲ್ಲ" ಎಂದು ಕೊಟ್ಟ ಮಿಕ್ಸಿ ನಾಲ್ಕೇ ದಿನಕ್ಕೆ ಹೊಗೆಯಾಡಿತ್ತು. ಯಾವುದೋ ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲಿಕ್ಕೆ ಇಟ್ಟಿದ್ದ ಮಾಲು ಅದು ಎಂದು ಆಮೇಲೆ ಗೊತ್ತಾಗಿತ್ತು.

ಪುಟ್ಟಿ ಬಂದವಳೇ ಕೇಳದೆ ಅತ್ತಿಗೆಯ ಕುರ್ಚಿಯಲ್ಲಿ ಕೂತಳು. ಸ್ಕ್ರೀನ್ ನೋಡಿದಳು, ಗೋಡೆ ನೋಡಿದಳು, ಮತ್ತೆ ಸ್ಕ್ರೀನ್ ನೋಡಿದಳು.

"ಇಷ್ಟು ಕೆಂಡದಂಥ ಗೋಡೆ ಇಟ್ಕೊಂಡು ಎಂಟು ಗಂಟೆ ಅಕ್ಷರ ನೋಡ್ತೀರಾ? ನಿಮಗೆ ದೊಡ್ಡ ನಮಸ್ಕಾರ."

"ಹಾಗಾದ್ರೆ ಬಿಳಿ ಬಳಿಸ್ಲಾ?"

"ಬೇಡ. ಅಚ್ಚ ಬಿಳಿ ಬೆಳಕಿಗೆ ಕುಕ್ಕುತ್ತೆ. ಕಡುಬಣ್ಣ ಬಳಿದ್ರೆ ಸ್ಕ್ರೀನೊಂದೇ ಕತ್ತಲಲ್ಲಿ ಉರಿಯೋ ದೀಪದ ಹಾಗಿರುತ್ತೆ. ಇವೆರಡರ ಮಧ್ಯದ್ದು ಬೇಕು. ತಿಳಿಯಾದ್ದು, ಮಂಕಾದ್ದು, ಹೊಳಪಿಲ್ಲದ್ದು. ಕಣ್ಣು ಸ್ಕ್ರೀನಿಂದ ಗೋಡೆಗೆ ಹೋದ್ರೆ ಬೆಚ್ಚಬಾರ್ದು. ಬೂದುಹಸಿರು ಕಳಿಸ್ತೀನಿ."

'ಕಳಿಸ್ತೀನಿ' ಎಂಬ ಮಾತು ತಿದ್ದಮ್ಮನಿಗೆ ಕೊಂಚ ಅವಸರದ್ದು ಅನಿಸಿತು. ಇನ್ನೂರು ಬಣ್ಣದ ನಮೂನೆ ಪುಸ್ತಕ ಪುಟ್ಟಿಯ ಚೀಲದಲ್ಲೇ ಇತ್ತು, ಬಿಚ್ಚಲೂ ಇಲ್ಲವಲ್ಲ!

ಭಾನುವಾರ ಗಂಡ ಡಬ್ಬಿ ತಂದು ಇಳಿಸಿದ. ಅಕ್ಷರ ಹುಡುಕುವುದೇ ಕಸುಬಾದವಳ ಕಣ್ಣು ನೇರ ಮುಚ್ಚಳದ ಮೇಲಿನ ಚೀಟಿಗೆ ಹೋಯಿತು. ಅದರಲ್ಲಿದ್ದ ಯಾರದೋ ಹೆಸರನ್ನು ಪೆನ್ನಿನಿಂದ ಗೀಚಿ ಅಳಿಸಲಾಗಿತ್ತು. ಮುಚ್ಚಳದ ಅಂಚಿನಲ್ಲಿ ಒಣಗಿದ ಬಣ್ಣದ ಬಳೆ. ಒಮ್ಮೆ ತೆರೆದು ಮುಚ್ಚಿದ ಡಬ್ಬಿ.

"ಇದನ್ನ ಮೊದಲೇ ತೆರೆದಿದಾರೆ."

"ಮಿಶ್ರಣ ನೋಡೋಕೆ ತೆರೆದಿರ್ತಾರೆ ಬಿಡು" ಎಂದ ಗಂಡ, ಅವಳ ಮುಖ ನೋಡದೆ. ಮುಖ ನೋಡದೆ ಅಂದದ್ದೇ ಅವಳಿಗೆ ಸಾಕಾಯಿತು. ಅಣ್ಣ ತಂಗಿ ಇಬ್ಬರೂ ಸೇರಿಕೊಂಡಿದ್ದಾರೆ!

ಅವನು ಬ್ರಷ್ ಹುಡುಕಲು ಹೋದಾಗ ಅವಳು ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಅಂಗಡಿಗೆ ಫೋನ್ ಮಾಡಿದಳು. ಯಾರೋ ಗಿರಾಕಿಯ ಧಾಟಿಯಲ್ಲಿ, ಡಬ್ಬಿಯ ಚೀಟಿಯಲ್ಲಿ ನೋಡಿದ್ದ ಬಣ್ಣದ ನಂಬರ್ ಹೇಳಿ, ಇಂಥದ್ದು ಇನ್ನೊಂದು ಸಿಗುತ್ತದಾ ಎಂದು ಕೇಳಿದಳು.

"ಅದೊಂದೇ ಇತ್ತು ಮೇಡಂ. ಯಾರೋ ನಡುಮನೆಗೆ ಅಂತ ಬಣ್ಣ ಕಲೆಸಿಕೊಂಡು ಹೋಗಿ ವಾಪಸ್ ತಂದಿದ್ರು. ಕಲೆಸಿದ ಬಣ್ಣ ಇನ್ಯಾರಿಗೂ ಹೋಗಲ್ಲ ನೋಡಿ. ನಮ್ಮ ಅಂಗಡಿ ಹುಡುಗಿನೇ ತಗೊಂಡ್ಳು."

ಅವಳ ಮೈ ಉರಿಯಿತು. ತನ್ನ ಅನುಮಾನವೇ ನಿಜವಾಯಿತೆಂಬ ಜಯವೂ ಇತ್ತು. ಸಂಜೆ ಪುಟ್ಟಿ ಬಂದಾಗ ಡಬ್ಬಿಯನ್ನು ನಡುಮನೆಯ ಮಧ್ಯೆ ಸಾಕ್ಷಿಯಂತೆ ಇಟ್ಟಿದ್ದಳು.

"ಬೇರೆಯವರು ಬೇಡ ಅಂದದ್ದು ನಮ್ಮ ಮನೆಗಾ? ಮಿಕ್ಸಿ ಆಯ್ತು, ಈಗ ಗೋಡೆನಾ?"

ಪುಟ್ಟಿಯ ಮುಖ ಕೆಂಪಾಯಿತು. "ಮಿಕ್ಸಿ ನನ್ನ ತಪ್ಪೇ. ಇದು ಹಾಗಲ್ಲ. ಆ ಮನೆಯವರು ಇದನ್ನ ನಾಲ್ಕು ಗೋಡೆಗೂ ಬಳಿಯೋಕೆ ಹೊರಟಿದ್ರು, ಮಂಕು ಬಡಿದ ಹಾಗಾಯ್ತು, ವಾಪಸ್ ತಂದ್ರು. ನಿಮ್ಮದು ಒಂದೇ ಗೋಡೆ. ನಿಮ್ಮ ಮೂಲೆ ನೋಡಿದ ಕೂಡಲೇ ಈ ಡಬ್ಬಿ ನೆನಪಾಯ್ತು."

"ಮಾತು ಚೆನ್ನಾಗಿದೆ."

"ಮಾತು ನಂಬ್ಬೇಡಿ. ಪರೀಕ್ಷೆ ಮಾಡಿ."

ಪುಟ್ಟಿಯೇ ಎರಡು ದೊಡ್ಡ ಹಲಗೆ ತರಿಸಿ ಒಂದಕ್ಕೆ ಬೂದುಹಸಿರು, ಇನ್ನೊಂದಕ್ಕೆ ತಿದ್ದಮ್ಮನಿಗೆ ಮನಸ್ಸಿದ್ದ ನಿಂಬೆಹಳದಿ ಎರಡೆರಡು ಸಲ ಬಳಿದಳು. ಅಂಗೈಯಗಲದ ಚೀಟಿಯಲ್ಲಿ ಬಣ್ಣ ಗೊತ್ತಾಗುವುದಿಲ್ಲ, ಸ್ಕ್ರೀನಿನ ಹಿಂದೆ ದಿನಕ್ಕೊಂದರಂತೆ ಒರಗಿಸಿ, ಬೆಳಗ್ಗೆ, ಮಧ್ಯಾಹ್ನ, ದೀಪ ಹಾಕಿದ ಮೇಲೆ ನೋಡಿ ಎಂದಳು.

ತಿದ್ದಮ್ಮ ಹಗುರಾಗಿ ಬಿಡುವವಳಲ್ಲ. ಹಲಗೆ ಬದಲಿಸುತ್ತ, ಒಂದೇ ಸಾಲನ್ನು ಎಷ್ಟು ಸಲ ಮರು ಓದಿದೆ ಎಂದು ಗೀಟು ಹಾಕುತ್ತಾ ಒಂದು ವಾರ ಕಳೆದಳು. ಹಳದಿಯ ದಿನಗಳಲ್ಲಿ ಊಟಕ್ಕೆ ಮುಂಚೆಯೇ ಗೀಟುಗಳು ತುಂಬಿದವು. ಬೂದುಹಸಿರಿನ ದಿನಗಳಲ್ಲಿ ಬೆಳಗ್ಗೆಯಿಡೀ ಹಾಳೆ ಬೆಳ್ಳಗಿತ್ತು. ಒಪ್ಪಬೇಕಾಯಿತು. ಆದರೆ ಮೂರು ಗಂಟೆ ಹೊಡೆಯಿತೋ, ಅಲ್ಲೂ ಗೀಟು ಶುರು, ಕಣ್ಣು ಕಿರಿದಾಗುವುದು ಶುರು.

"ನೋಡಿದ್ಯಾ?" ಎಂದು ಫೋನಿನಲ್ಲಿ ಜೋರು ಮಾಡಿದಳು. "ನಿನ್ನ ಬಣ್ಣದ ಜಾದೂ ಮೂರು ಗಂಟೆಗೆ ಮುಗಿಯುತ್ತೆ."

"ಬಣ್ಣದಲ್ಲಿ ಜಾದೂ ಎಲ್ಲಿದೆ ಅತ್ತಿಗೆ! ತೊಂದರೆ ಕೊಡದೆ ಸುಮ್ಮನಿರುತ್ತೆ, ಅಷ್ಟೇ. ನಾಳೆ ಮೂರಕ್ಕೆ ಬರ್ತೀನಿ."

ಬಂದಳು. ಚೀಲದಿಂದ ಮುಖ ನೋಡುವ ಪುಟ್ಟ ಕನ್ನಡಿ ತೆಗೆದು ಮೇಜಿನ ಮೇಲೆ, ಕರಡಿನ ಹಾಳೆ ಇರುವ ಜಾಗದಲ್ಲೇ, ಕುರ್ಚಿಯತ್ತ ಮುಖ ಮಾಡಿ ಓರೆಯಾಗಿ ನಿಲ್ಲಿಸಿದಳು.

"ಕೂತ್ಕೊಳ್ಳಿ. ನೀವು ಓದೋ ಹಾಗೇ ಬಗ್ಗಿ. ಏನು ಕಾಣ್ತಿದೆ?"

ತಿದ್ದಮ್ಮ ಇದೇನು ಹೊಸ ಆಟ ಎಂಬ ಅನುಮಾನದಲ್ಲೇ ಬಗ್ಗಿದಳು. ಕನ್ನಡಿಯೊಳಗೆ ಹಿಂದಿನ ಕಿಟಕಿ ಧಗಧಗ ಉರಿಯುತ್ತಿತ್ತು, ಕಣ್ಣು ಬಿಡಲಾಗಲಿಲ್ಲ.

"ಈಗ ಕನ್ನಡಿ ತೆಗೀರಿ."

ತೆಗೆದಳು. ಅದೇ ಬೆಳಕು ಮಬ್ಬಾಗಿ, ಬಿಳಿ ಮೇಜಿನ ಹೊಳಪಿನ ಮೇಲೆ ಹಾಗೇ ಬಿದ್ದುಕೊಂಡಿತ್ತು. ಸ್ಕ್ರೀನಿನ ಗಾಜಿನಲ್ಲೂ ಕಿಟಕಿಯ ಬಿಂಬ. ಎರಡು ವರ್ಷ ದಿನಾ ಆ ಮೇಜಿನ ಮೇಲೆ ಕೈಯೂರಿ ಕೂತಿದ್ದಳು. ಅಂಗಡಿಯಲ್ಲಿ ಗಂಡ ಮರದ ಬಣ್ಣದ್ದು ಸಾಕು ಎಂದಾಗ, ಬಿಳಿಯೇ ಬೇಕು, ಶುಚಿಯಾಗಿ ಕಾಣುತ್ತೆ ಎಂದು ಜಗಳವಾಡಿ ತಂದ ಮೇಜು ಅದು.

"ಮೊದಲ ದಿನವೇ ಗೊತ್ತಾಗಿತ್ತಾ ನಿನಗೆ?"

"ಇಲ್ಲ. ನಾನು ಬಂದಿದ್ದು ಹೊತ್ತು ಮುಳುಗಿದ ಮೇಲೆ, ಕಿಟಕೀಲಿ ಬಿಸಿಲಿರಲಿಲ್ಲ. ಕೇಳ್ಬೇಕಿತ್ತು, ಕೇಳ್ಲಿಲ್ಲ."

ಈ ಮಾತು ತಿದ್ದಮ್ಮನಿಗೆ ಹಿಡಿಸಿತು. ಯಾಕೆಂದರೆ ಅದರಲ್ಲಿ ಬೆಣ್ಣೆ ಹಚ್ಚುವುದಿರಲಿಲ್ಲ.

ಮೂವರೂ ಸೇರಿ ಮೇಜನ್ನು ತಿರುಗಿಸಿದರು. ಕಿಟಕಿ ಈಗ ಬೆನ್ನಿಗಲ್ಲ, ಎಡಗಡೆಗೆ. ಮುಂದೆ ಬಂದದ್ದು ಪಕ್ಕದ ಗೋಡೆ, ಅದಕ್ಕೇ ಬೂದುಹಸಿರು ಬಳಿಯುವುದೆಂದಾಯಿತು. ಕಿತ್ತಳೆ ಗೋಡೆ ಬಲಕ್ಕೆ, ಕಣ್ಣಂಚಿನಲ್ಲೇ ಉಳಿಯಿತು. ಅದಕ್ಕೂ ಇದೇ ಡಬ್ಬಿಯಿಂದ ಬಳಿಯಲೇಬೇಕು ಎಂದಳು ಪುಟ್ಟಿ. ಎರಡು ಗೋಡೆಗೆ ಬಣ್ಣ ಸಾಲುತ್ತದಾ ಎಂದು ತಿದ್ದಮ್ಮ ಅಳತೆಪಟ್ಟಿ ಹಿಡಿದು ತಾನೇ ಅಳೆದು ನೋಡಿದಳು. ಸಾಲುತ್ತಿತ್ತು. ಮೇಜಿನ ಮೇಲೆ ಹೊಳಪಿಲ್ಲದ, ತಿಳಿಕಂದು ಮರದ ಬಣ್ಣದ ಹಾಳೆಯನ್ನು ಅಂಟಿಸಿದರು. ಕಡುಕಂದು ಬೇಡ, ಬಿಳಿ ಕರಡು ಅದರ ಮೇಲೆ ಎದ್ದು ಕುಕ್ಕುತ್ತೆ ಎಂದು ಪುಟ್ಟಿ ಆರಿಸಿದ್ದು.

ಬಣ್ಣ ಬಳಿಯುವಾಗ ತಿದ್ದಮ್ಮ ಕೇಳಿದಳು, "ಡಬ್ಬಿ ವಾಪಸ್ ಬಂದಿದ್ದು ಅಂತ ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಒಪ್ತಿದ್ರಾ?"

"ಇಲ್ಲ" ಎಂದಳು ತಿದ್ದಮ್ಮ, ರೋಲರ್ ಅದ್ದುತ್ತಾ. "ಆದ್ರೂ ಹೇಳ್ಬೇಕಿತ್ತು."

"ಹೌದು, ಹೇಳ್ಬೇಕಿತ್ತು."

ಮುಂದಿನ ಸೋಮವಾರ ನಾಲ್ಕು ಗಂಟೆಗೆ ಗಡಿಯಾರ ನೋಡಿದಾಗಲೇ ಅವಳಿಗೆ ಮೂರು ದಾಟಿಹೋದದ್ದು ತಿಳಿದದ್ದು. ಹಾಳೆಯಲ್ಲಿ ಎರಡೇ ಗೀಟು. ಅದೂ ಬಾಗಿಲ ಗಂಟೆ ಹೊಡೆದು ಸಾಲು ತಪ್ಪಿದಾಗ ಹಾಕಿದ್ದು.